ಬ್ಲೌಸ್ ಹೇಗಾಯ್ತು ಅಕ್ಕ?

"ಪ್ರಿಯ ಗ್ರಾಹಕರೇ, ನಮ್ಮ ಸೇವೆ ಪಡೆದಿದ್ದಕ್ಕೆ ಧನ್ಯವಾದಗಳು. ದಯವಿಟ್ಟು ಕೆಳಗಿನ ಲಿಂಕ್ ಒತ್ತಿ ನಮಗೆ 5 ಸ್ಟಾರ್ ಕೊಡಿ. ನಿಮ್ಮ ಫೋಟೋ ಹಾಕಿ ನಮ್ಮನ್ನು ಟ್ಯಾಗ್ ಮಾಡಿ, ಮುಂದಿನ ಆರ್ಡರ್‌ಗೆ 10% ರಿಯಾಯಿತಿ ಪಡೆಯಿರಿ. ಸ್ಕ್ರೀನ್‌ಶಾಟ್ ಕಳಿಸಲು ಮರೆಯಬೇಡಿ. ನಮ್ಮಂಥ ಸಣ್ಣವರನ್ನು ಬೆಳೆಸಿ."

ಕೊನೆಗೆ ಕೈಮುಗಿದ ಮೂರು ಚಿತ್ರ. ಇಂಥ ಸಂದೇಶ ಬಾರದ ಮೊಬೈಲು ಈಗ ಸಿಗುವುದು ಕಷ್ಟ. ಹೊಲಿಗೆಯವರು, ಬ್ಯೂಟಿ ಪಾರ್ಲರಿನವರು, ಕೇಕ್ ಮಾಡಿಕೊಡುವವರು, ಹೋಮ್‌ಸ್ಟೇ ನಡೆಸುವವರು ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಇದನ್ನೇ ಕಳಿಸುತ್ತಾರೆ. ಒರಟಾದ ಮಾತು ಇದರಲ್ಲಿ ಒಂದೂ ಇಲ್ಲ. ದಯವಿಟ್ಟು ಇದೆ, ಧನ್ಯವಾದ ಇದೆ. ಆದರೂ ಓದಿದವರು ಸುಮ್ಮನೆ ಮುಂದಕ್ಕೆ ಸರಿಸುತ್ತಾರೆ. ಯಾಕೆಂದರೆ ಒತ್ತಾಯ ಇರುವುದು ಪದಗಳಲ್ಲಲ್ಲ, ಕೇಳಿರುವ ರೀತಿಯಲ್ಲಿ. ಎಷ್ಟು ಸ್ಟಾರ್ ಕೊಡಬೇಕೆಂದು ಅಂಗಡಿಯವರೇ ತೀರ್ಮಾನಿಸಿದ್ದಾರೆ. ಕೊಟ್ಟದ್ದಕ್ಕೆ ಸಾಕ್ಷಿ ಬೇಕು ಎನ್ನುತ್ತಾರೆ. ಕೊಟ್ಟರೆ ದುಡ್ಡು ಕಡಿಮೆ ಮಾಡುತ್ತೇವೆ ಎನ್ನುತ್ತಾರೆ. ಕೊಡದಿದ್ದರೆ ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ಮಾತನ್ನೂ ಕೊನೆಗೆ ತೇಲಿಬಿಟ್ಟಿದ್ದಾರೆ. ಅದರ ಮೇಲೆ, ರಿಯಾಯಿತಿ ಕೊಟ್ಟು ವಿಮರ್ಶೆ ಬರೆಸುವುದು ಗೂಗಲ್‌ನ ನಿಯಮಕ್ಕೂ ವಿರುದ್ಧ.

ಹಾಗಾದರೆ ಹೇಗೆ ಕೇಳಬೇಕು? ಎಲ್ಲ ವ್ಯಾಪಾರಕ್ಕೂ ಒಂದೇ ಉತ್ತರ ಇಲ್ಲ. ಅದಕ್ಕೇ ಇಲ್ಲಿ ಒಂದನ್ನು ಮಾತ್ರ ಹಿಡಿದು ನೋಡೋಣ. ದಾವಣಗೆರೆಯಂಥ ಊರಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಮದುವೆ ಬ್ಲೌಸ್‌ಗೆ ಆರಿ ವರ್ಕ್ ಮಾಡುತ್ತಾರೆ, ಸೀರೆಗೆ ಫಾಲ್ಸ್ ಹಾಕಿ ಕುಚ್ಚು ಕಟ್ಟಿಕೊಡುತ್ತಾರೆ. ಸಹಾಯಕ್ಕೆ ಇಬ್ಬರು ಹುಡುಗಿಯರು. ಬ್ಲೌಸನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಹೊಲಿಗೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ಕೊಂಡೊಯ್ದ ದಿನ ಗೊತ್ತಾಗುವುದಿಲ್ಲ. ಫೋಟೋ ನೋಡದೆ ಹೊಸಬರು ಬರುವುದಿಲ್ಲ. ಆ ಫೋಟೋದಲ್ಲಿ ಇರುವುದು ಒಬ್ಬ ಹೆಣ್ಣುಮಗಳ ಬೆನ್ನು, ಕುತ್ತಿಗೆ, ಮುಖ. ಕೇಳುವಾಗ ಬರಬಹುದಾದ ತೊಡಕುಗಳೆಲ್ಲ ಈ ಒಂದು ಕಸುಬಿನಲ್ಲೇ ಸಿಗುತ್ತವೆ.

ಮೊದಲನೆಯದು, ಕೇಳುವ ಹೊತ್ತು. ಬಹಳ ಮಂದಿ ಎಡವುವುದು ಇಲ್ಲೇ. ಬ್ಲೌಸ್ ಕೈಗೆ ಕೊಟ್ಟು ದುಡ್ಡು ಎಣಿಸಿಕೊಳ್ಳುವಾಗಲೇ "ಮೇಡಂ, ಒಂದು ರಿವ್ಯೂ ಹಾಕಿಬಿಡಿ" ಎನ್ನುತ್ತಾರೆ. ಎದುರಿಗೆ ನಿಂತವರಿಗೆ ಇಲ್ಲ ಎನ್ನಲು ದಾಕ್ಷಿಣ್ಯ. ಮೊಬೈಲು ತೆಗೆದು "ಗುಡ್" ಎಂದು ಒತ್ತಿ ಹೋಗುತ್ತಾರೆ. ಅವರು ಆ ಬ್ಲೌಸನ್ನು ಇನ್ನೂ ಹಾಕಿಕೊಂಡೇ ಇಲ್ಲ. ಟ್ರಯಲ್‌ನಲ್ಲಿ ಐದು ನಿಮಿಷ ಹಾಕಿ ನೋಡುವುದು ಬೇರೆ, ಬೆಳಗಿನ ಮುಹೂರ್ತದಿಂದ ಮಧ್ಯಾಹ್ನದ ಊಟದವರೆಗೆ ಹಾಕಿಕೊಂಡು ಕೈ ಎತ್ತಿ ಅಕ್ಷತೆ ಹಾಕುವುದು ಬೇರೆ. ಕಂಕುಳ ಬಿಗಿಯಾಗುತ್ತದೆಯೇ, ಆರಿ ವರ್ಕಿನ ಮಣಿ ಉದುರುತ್ತದೆಯೇ, ಜರ್ದೋಸಿ ಚುಚ್ಚುತ್ತದೆಯೇ, ಬೆವರಿಗೆ ಲೈನಿಂಗ್ ಬಣ್ಣ ಬಿಡುತ್ತದೆಯೇ ಎಂಬುದು ಆಮೇಲೆಯೇ ತಿಳಿಯುವುದು.

ಹೊಲಿಗೆಯವರಿಗೆ ಒಂದು ಅನುಕೂಲ ಇದೆ. ಅಳತೆ ಪುಸ್ತಕದಲ್ಲಿ ಫಂಕ್ಷನ್ ಯಾವತ್ತು ಎಂದು ಅವರು ಹೇಗೂ ಬರೆದುಕೊಂಡಿರುತ್ತಾರೆ, ಇಲ್ಲದಿದ್ದರೆ ಡೆಲಿವರಿ ದಿನ ಗೊತ್ತುಮಾಡಲು ಆಗುವುದಿಲ್ಲ. ಕೇಳುವ ದಿನವನ್ನು ಆ ತಾರೀಖಿನಿಂದ ಎಣಿಸಬೇಕು, ಡೆಲಿವರಿ ಕೊಟ್ಟ ದಿನದಿಂದಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಲಿಸಿದ್ದಾದರೆ ಹಬ್ಬ ಕಳೆದು ಎರಡು ದಿನ ಸಾಕು. ಮದುವೆಗೆ ಬಂದ ನೆಂಟರಾದರೆ ನಾಲ್ಕೈದು ದಿನ. ಮದುಮಗಳೇ ಆದರೆ ಎರಡು ವಾರ ಬಿಡಿ. ಬೀಗರ ಊಟ, ಸತ್ಯನಾರಾಯಣ ಪೂಜೆ, ಗಂಡನ ಮನೆಯಲ್ಲಿ ಹೊಸದಾಗಿ ಹೊಂದಿಕೊಳ್ಳುವುದು ಎಲ್ಲ ನಡೆಯುತ್ತಿರುವಾಗ ದರ್ಜಿಯ ಮೆಸೇಜು ಯಾರಿಗೂ ಬೇಕಿರುವುದಿಲ್ಲ. ಇನ್ನೂ ತಡಮಾಡಿದರೂ ಕೆಲಸ ಕೆಡುತ್ತದೆ. ತಿಂಗಳು ಕಳೆದರೆ ಬ್ಲೌಸ್ ಬೀರು ಸೇರಿರುತ್ತದೆ, ಬರೆಯಲು ಹೇಳಿಕೊಳ್ಳುವಂಥದ್ದೇನೂ ನೆನಪಿರುವುದಿಲ್ಲ. ಬೆಳಗ್ಗೆ ಡಬ್ಬಿ ಕಟ್ಟುವ ಹೊತ್ತು ಬೇಡ, ರಾತ್ರಿ ಹತ್ತರ ಮೇಲೂ ಬೇಡ. ಹನ್ನೊಂದರ ಮೇಲೋ ಸಂಜೆ ನಾಲ್ಕಕ್ಕೋ ಕಳಿಸಿದರೆ ಓದುವವರಿಗೂ ಪುರುಸೊತ್ತು ಇರುತ್ತದೆ.

ಎರಡನೆಯ ಮಾತು, ಕೇಳುವುದಕ್ಕೆ ಮುಂಚೆ ವಿಚಾರಿಸಬೇಕು. ವಿಮರ್ಶೆ ಕೇಳುವ ಸಂದೇಶ ಮೊದಲ ಸಂದೇಶ ಆಗಬಾರದು. ಮೊದಲನೆಯದರಲ್ಲಿ ಲಿಂಕೂ ಇಲ್ಲ, ಸ್ಟಾರೂ ಇಲ್ಲ:

"ನಮಸ್ಕಾರ ಅಕ್ಕ. ಮೊನ್ನೆ ಮದುವೆಗೆ ಆ ಗಿಣಿಹಸಿರು ಬ್ಲೌಸ್ ಹಾಕ್ಕೊಂಡ್ರಾ? ತೋಳು ಬಿಗಿ ಅನ್ನಿಸಲಿಲ್ಲ ತಾನೆ? ಏನಾದ್ರೂ ಸರಿಮಾಡೋದಿದ್ರೆ ತಂದುಕೊಡಿ, ಮಾಡಿಕೊಡ್ತೀನಿ."

ಇಷ್ಟೇ. ಗಿಣಿಹಸಿರು ಎಂಬ ಒಂದು ಪದ ಇಲ್ಲಿ ಬಹಳ ಕೆಲಸ ಮಾಡುತ್ತದೆ. ಇದು ನೂರು ಮಂದಿಗೆ ಕಳಿಸಿದ್ದಲ್ಲ, ನನಗೇ ಕಳಿಸಿದ್ದು ಎಂದು ಓದುವವರಿಗೆ ಗೊತ್ತಾಗುತ್ತದೆ. "ಅಕ್ಕ" ಎನ್ನುವುದೂ ಹಾಗೆಯೇ, ಅಂಗಡಿಯಲ್ಲಿ ಎದುರಾಎದುರು ಏನೆಂದು ಕರೆಯುತ್ತೀರೋ ಮೆಸೇಜಿನಲ್ಲೂ ಅದೇ ಇರಲಿ. ಕಾಲೇಜಿನಲ್ಲಿ ಪಾಠ ಹೇಳುವವರನ್ನು ಎದುರಿಗೆ ಮೇಡಂ ಎಂದು ಕರೆದು ಮೊಬೈಲಿನಲ್ಲಿ ಅಕ್ಕ ಎಂದರೆ ಸಲಿಗೆ ಹೆಚ್ಚಾಯಿತು ಅನ್ನಿಸುತ್ತದೆ. ಐದು ವರ್ಷದಿಂದ ಬರುತ್ತಿರುವ ಪಕ್ಕದ ಬೀದಿಯ ಆಂಟಿಗೆ "ಪ್ರಿಯ ಗ್ರಾಹಕರೇ" ಎಂದರೆ ಅವರು ನಕ್ಕುಬಿಡುತ್ತಾರೆ.

ಈ ಮೊದಲ ಸಂದೇಶಕ್ಕೆ ಮೂರು ಥರದ ಉತ್ತರ ಬರಬಹುದು. "ಸೂಪರ್ ಆಗಿತ್ತು, ಎಲ್ಲರೂ ಎಲ್ಲಿ ಹೊಲಿಸಿದ್ದು ಅಂತ ಕೇಳಿದ್ರು" ಎಂದು ಬರೆದು ಜೊತೆಗೆ ಒಂದು ಫೋಟೋ ಕಳಿಸುವವರು ಕೆಲವರು. "ಪರವಾಗಿಲ್ಲ, ಆದ್ರೆ ಕಂಕುಳ ಸ್ವಲ್ಪ ಹಿಡೀತು" ಎನ್ನುವವರು ಕೆಲವರು. ಏನೂ ಹೇಳದೆ ಎರಡು ನೀಲಿ ಗೀಟು ಬಿಟ್ಟು ಹೋಗುವವರು ಹಲವರು. ಮೂರನೆಯವರನ್ನು ಅಲ್ಲಿಗೇ ಬಿಟ್ಟುಬಿಡಬೇಕು. ಅವರು ಆಗಲೇ ಉತ್ತರ ಹೇಳಿಯಾಯಿತು. ಎರಡನೆಯವರ ಬ್ಲೌಸ್ ತರಿಸಿ, ಒಳಗೆ ಬಿಟ್ಟ ಮಾರ್ಜಿನ್ ಬಿಚ್ಚಿ, ಸರಿಮಾಡಿ ಕೊಡಬೇಕು. ಆಮೇಲೆ ಮೊದಲನೆಯವರಿಗೂ ಎರಡನೆಯವರಿಗೂ ಹೋಗುವುದು ಒಂದೇ ಸಂದೇಶ.

ಈ "ಒಂದೇ" ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ವ್ಯಾಪಾರದ ಜಾಣತನ ಕಲಿಸುವ ಬಹಳ ಮಂದಿ ಇದಕ್ಕೆ ಉಲ್ಟಾ ಹೇಳಿಕೊಡುತ್ತಾರೆ. ಖುಷಿಯಾದವರಿಗೆ ಗೂಗಲ್ ಲಿಂಕ್ ಕಳಿಸಿ, ಬೇಸರಗೊಂಡವರಿಗೆ "ನಮಗೇ ಹೇಳಿ, ಹೊರಗೆ ಬರೆಯಬೇಡಿ" ಎಂದು ಬೇರೆ ದಾರಿ ತೋರಿಸಿ ಎನ್ನುತ್ತಾರೆ. ನೋಡಲು ಚಂದದ ಉಪಾಯ. ಆದರೆ ಒಳ್ಳೆಯ ವಿಮರ್ಶೆ ಬರೆಯುವವರನ್ನೇ ಆರಿಸಿ ಕೇಳುವುದನ್ನೂ, ಕೆಟ್ಟದ್ದನ್ನು ಬರೆಯದಂತೆ ತಡೆಯುವುದನ್ನೂ ಗೂಗಲ್ ತನ್ನ ನಿಯಮದಲ್ಲಿ ಸ್ಪಷ್ಟವಾಗಿ ಬೇಡ ಎಂದಿದೆ. ರಿಯಾಯಿತಿ, ಉಡುಗೊರೆ, ಪುಕ್ಕಟೆ ಕೆಲಸ ಕೊಟ್ಟು ವಿಮರ್ಶೆ ಬರೆಸುವುದೂ ಅದೇ ಸಾಲಿಗೆ ಸೇರುತ್ತದೆ. ಸಿಕ್ಕಿಬಿದ್ದರೆ ಬಂದ ವಿಮರ್ಶೆಗಳು ಅಳಿಸಿಹೋಗಬಹುದು, ಸ್ವಲ್ಪ ಕಾಲ ಹೊಸ ವಿಮರ್ಶೆ ಬಾರದಂತೆ ತಡೆ ಬೀಳಬಹುದು. ಸುಳ್ಳು ವಿಮರ್ಶೆ ತೆಗೆಯಲಾಗಿದೆ ಎಂಬ ಸೂಚನೆ ಅಂಗಡಿಯ ಪುಟದ ಮೇಲೇ ಎಲ್ಲರಿಗೂ ಕಾಣುವಂತೆ ಕೂರಬಹುದು. ಇದು ಅಮೆರಿಕದ ಕಂಪನಿಯೊಂದರ ಕಟ್ಟಳೆ ಮಾತ್ರ ಎಂದುಕೊಳ್ಳಬೇಡಿ. ನಮ್ಮಲ್ಲಿ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಆನ್‌ಲೈನ್ ಮಾರಾಟಗಾರರು ತಾವೇ ಗಿರಾಕಿಯ ವೇಷ ಹಾಕಿ ವಿಮರ್ಶೆ ಬರೆಯಬಾರದು ಎನ್ನುತ್ತವೆ. ಗ್ರಾಹಕರ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಿ ಹೇಗೆ ಪ್ರಕಟಿಸಬೇಕೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೇ ತಂದಿತು, ತಂದಾಗ ಪಾಲಿಸುವುದು ಐಚ್ಛಿಕವಾಗಿತ್ತು.

ಅಂದರೆ ತೃಪ್ತಿಪಟ್ಟ ಗಿರಾಕಿಗಳನ್ನು ಕೇಳುವುದೇ ತಪ್ಪೇ? ತಪ್ಪಲ್ಲ. ಎಲ್ಲರನ್ನೂ ತೃಪ್ತಿಪಡಿಸಿ, ಆಮೇಲೆ ಎಲ್ಲರನ್ನೂ ಕೇಳಿ. ಕ್ರಮ ಅದು.

ಇನ್ನು ಎರಡನೆಯ ಸಂದೇಶ. ಹಸಿರು ಬ್ಲೌಸಿನ ಅಕ್ಕ ಸರಿಯಾಗಿದೆ ಎಂದ ಮೇಲೆ ಇದನ್ನು ಕಳಿಸಬಹುದು:

"ಖುಷಿಯಾಯ್ತು ಅಕ್ಕ. ಒಂದು ಮಾತು ಕೇಳ್ತೀನಿ, ಆಗದಿದ್ರೆ ಬೇಡ. ಹೊಸಬರು ಬರೋ ಮುಂಚೆ ಗೂಗಲ್ ಮ್ಯಾಪಲ್ಲಿ ನೋಡ್ತಾರೆ. ಪುರುಸೊತ್ತಾದಾಗ ನಿಮ್ಮ ಬ್ಲೌಸ್ ಹೇಗೆ ಬಂತು, ಹೇಳಿದ ದಿನಕ್ಕೆ ಕೊಟ್ವಾ ಅಂತ ಎರಡು ಸಾಲು ಅಲ್ಲಿ ಬರೆದ್ರೆ ಅವರಿಗೆ ಅನುಕೂಲ. ಇಷ್ಟ ಆಗದೆ ಇದ್ದದ್ದನ್ನೂ ಬರೀಬಹುದು, ಕನ್ನಡದಲ್ಲೇ ಬರೀಬಹುದು. ಲಿಂಕ್ ಕೆಳಗಿದೆ. ಲಿಂಕ್ ಒತ್ತೋದು ಬೇಡ ಅನ್ನಿಸಿದ್ರೆ ಮ್ಯಾಪಲ್ಲಿ ನಮ್ಮ ಹೆಸರು ಹುಡುಕಿದ್ರೂ ಸಿಗುತ್ತೆ. ಇದಕ್ಕೆ ಉತ್ತರ ಕಳಿಸಲೇಬೇಕು ಅಂತೇನಿಲ್ಲ."

ಇದರಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂಬುದನ್ನು ನೋಡಿ. ಸ್ಟಾರಿನ ಲೆಕ್ಕ ಇಲ್ಲ. ನಮ್ಮನ್ನು ಉಳಿಸಿ, ಬೆಳೆಸಿ ಎಂಬ ಅಳಲು ಇಲ್ಲ. ಸ್ಕ್ರೀನ್‌ಶಾಟ್ ಕೇಳಿಲ್ಲ. ಯಾಕೆ ಕೇಳುತ್ತಿದ್ದೇವೆ ಎಂಬುದಕ್ಕೆ ನಿಜವಾದ ಕಾರಣ ಇದೆ, ಅದು ಒಂದೇ ಸಾಲಿನಲ್ಲಿದೆ. "ಆಗದಿದ್ರೆ ಬೇಡ" ಎಂಬುದು ಕೊನೆಯಲ್ಲಿ ಬಂದಿಲ್ಲ, ಮೊದಲೇ ಬಂದಿದೆ. ಕೊನೆಯಲ್ಲಿ ಹಾಕಿದರೆ ಅದು ಉಪಚಾರದ ಮಾತಾಗಿಬಿಡುತ್ತದೆ. ಉತ್ತರ ಕಳಿಸಬೇಕಾಗಿಲ್ಲ ಎಂಬ ಸಾಲು ಬಹಳ ಮುಖ್ಯ. ನಮ್ಮ ಜನಕ್ಕೆ ಕಷ್ಟವಾಗುವುದು ವಿಮರ್ಶೆ ಬರೆಯುವುದಲ್ಲ, ಬರೆಯುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು. ಆ ಕಷ್ಟವನ್ನು ತೆಗೆದುಬಿಟ್ಟರೆ ಮುಂದಿನ ಸಲ ಅವರು ಬ್ಲೌಸ್ ಪೀಸ್ ಹಿಡಿದುಕೊಂಡು ಬರುವಾಗ ಮುಖ ತಪ್ಪಿಸಬೇಕಾಗುವುದಿಲ್ಲ.

"ಹೇಗೆ ಬಂತು, ಹೇಳಿದ ದಿನಕ್ಕೆ ಕೊಟ್ವಾ" ಎಂದು ಕೇಳಿರುವುದಕ್ಕೂ ಕಾರಣ ಇದೆ. "ರಿವ್ಯೂ ಹಾಕಿ" ಎಂದಷ್ಟೇ ಕೇಳಿದರೆ ಬರುವುದು "ನೈಸ್", "ಗುಡ್ ಸರ್ವಿಸ್". ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಏನನ್ನು ಬರೆಯಬಹುದೆಂದು ಒಂದೆರಡು ಪ್ರಶ್ನೆ ಮುಂದಿಟ್ಟರೆ "ಆರಿ ವರ್ಕ್ ಒತ್ತಾಗಿದೆ, ಹಿಂದಿನ ಕುತ್ತಿಗೆ ಕೇಳಿದ ಆಳಕ್ಕೇ ಬಂದಿದೆ, ಒಂದು ಸಲ ಟ್ರಯಲ್‌ಗೆ ಕರೆದರು, ಎರಡು ದಿನ ತಡವಾಯಿತು" ಎಂಬಂಥ ಸಾಲುಗಳು ಬರುತ್ತವೆ. ಮದುವೆಗೆ ಹೊಲಿಸಲು ಅಂಗಡಿ ಹುಡುಕುವವರಿಗೆ ಬೇಕಿರುವುದು ಅಂಥ ಸಾಲು. ಆದರೆ ಗೆರೆ ಅಲ್ಲಿಗೇ ನಿಲ್ಲಬೇಕು. ಪ್ರಶ್ನೆ ಕೊಡಬಹುದು, ಉತ್ತರ ಬರೆದುಕೊಡಬಾರದು. "ಇದನ್ನೇ ಕಾಪಿ ಮಾಡಿ ಹಾಕಿಬಿಡಿ ಅಕ್ಕ" ಎಂದು ಮಾದರಿ ವಿಮರ್ಶೆ ಕಳಿಸುವವರಿದ್ದಾರೆ. ಒಂದೇ ಪುಟದಲ್ಲಿ ಒಂದೇ ಧಾಟಿಯ ಹತ್ತು ವಿಮರ್ಶೆ ಕಂಡಾಗ ಓದುವವರು ಮೂಗು ಮುರಿಯುತ್ತಾರೆ.

ಲಿಂಕಿನ ವಿಷಯಕ್ಕೆ ಬರೋಣ. ಗೂಗಲ್‌ನಲ್ಲಿ ಅಂಗಡಿಯ ಪ್ರೊಫೈಲ್ ನೋಂದಾಯಿಸಿಕೊಂಡವರಿಗೆ ಅದರಲ್ಲೇ `Ask for reviews` ಎಂಬ ಆಯ್ಕೆ ಸಿಗುತ್ತದೆ. ಒತ್ತಿದರೆ ಈ ಆಕಾರದ ಒಂದು ಚಿಕ್ಕ ವಿಳಾಸ ಬರುತ್ತದೆ:

```
https://g.page/r/.../review
```

ಚುಕ್ಕಿಗಳ ಜಾಗದಲ್ಲಿ ನಿಮ್ಮ ಅಂಗಡಿಯ ಗುರುತು ಇರುತ್ತದೆ. ಇದನ್ನು ಒತ್ತಿದವರು ನೇರವಾಗಿ ಬರೆಯುವ ಜಾಗಕ್ಕೇ ಹೋಗುತ್ತಾರೆ, ಆದರೆ ಬರೆಯಲು ಅವರ ಹತ್ತಿರ ಗೂಗಲ್ ಖಾತೆ ಇರಲೇಬೇಕು. ಇನ್ನೊಂದು ವಿಷಯ: ಗಿರಾಕಿಗಳನ್ನು ಮುಖಾಮುಖಿ ಕಾಣದೆ ಬರೀ ಆನ್‌ಲೈನ್‌ನಲ್ಲಿ ಮಾರುವವರಿಗೆ ಈ ಪ್ರೊಫೈಲ್ ಸಿಗುವುದಿಲ್ಲ. ನಮ್ಮ ಹೊಲಿಗೆಯವರ ಮನೆಗೆ ಜನ ಅಳತೆ ಕೊಡಲು ಬರುತ್ತಾರಾದ್ದರಿಂದ ಅವರಿಗೆ ತೊಂದರೆ ಇಲ್ಲ.

ಲಿಂಕ್ ಬೇಡವಾದರೆ ಹೆಸರು ಹುಡುಕಿ ಎಂದು ಯಾಕೆ ಬರೆದದ್ದು? ಈಗ ಲಿಂಕ್ ಕಂಡರೆ ಜನ ಹೆದರುತ್ತಾರೆ, ಹೆದರಲು ಕಾರಣವೂ ಇದೆ. ಮನೆಯಲ್ಲೇ ಕೂತು ಗೂಗಲ್ ಮ್ಯಾಪ್‌ನಲ್ಲಿ ಹೋಟೆಲುಗಳಿಗೆ ಸ್ಟಾರ್ ಕೊಡಿ, ಒಂದೊಂದಕ್ಕೂ ಇಷ್ಟು ರೂಪಾಯಿ ಎಂದು ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ಬಲೆ ಬೀಸುವ ವಂಚಕರ ದಂಧೆ ದೇಶದ ಹಲವು ಊರುಗಳಿಗೆ ತಲುಪಿದೆ. ಮೊದಲು ನೂರಿನ್ನೂರು ನಿಜವಾಗಿಯೂ ಕೊಟ್ಟು ನಂಬಿಸಿ, ಆಮೇಲೆ ಟಾಸ್ಕಿಗೆಂದು ದುಡ್ಡು ಕಟ್ಟಿಸಿಕೊಂಡು ಮಾಯವಾಗುತ್ತಾರೆ. ಇಂಥದ್ದನ್ನು ಪೇಪರಿನಲ್ಲಿ ಓದಿದವರಿಗೆ "ವಿಮರ್ಶೆ ಬರೆಯಿರಿ, ಲಿಂಕ್ ಒತ್ತಿ, ಲಾಭ ಪಡೆಯಿರಿ" ಎಂಬ ಸಂದೇಶ ಬಂದರೆ ಏನನ್ನಿಸಬೇಡ? ರಿಯಾಯಿತಿಯ ಆಮಿಷ ಇಲ್ಲದಿರುವುದು, ಬ್ಲೌಸಿನ ಬಣ್ಣ ಹೇಳಿರುವುದು, ಮಾತುಕತೆ ನಡೆದ ಮೇಲೆ ಲಿಂಕ್ ಬಂದಿರುವುದು, ಅದನ್ನು ಒತ್ತದೆಯೂ ಬರೆಯಬಹುದು ಎಂದಿರುವುದು, ಇವೆಲ್ಲ ಸೇರಿ ಇದು ಅಸಲಿ ಎಂದು ಹೇಳುತ್ತವೆ.

ಇಷ್ಟೆಲ್ಲವನ್ನೂ ಪ್ರತಿ ಸಲ ಟೈಪ್ ಮಾಡುತ್ತಾ ಕೂತರೆ ಹೊಲಿಯುವುದು ಯಾವಾಗ ಎಂದು ಕೇಳಬಹುದು. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಸಿದ್ಧ ಉತ್ತರಗಳನ್ನು ಕೂಡಿಟ್ಟುಕೊಂಡು `/` ಒತ್ತಿ ಕರೆದುಕೊಳ್ಳಬಹುದು. ಎರಡನೆಯ ಸಂದೇಶವನ್ನು ಹಾಗೆ ಇಟ್ಟುಕೊಳ್ಳಿ. ಮೊದಲನೆಯದನ್ನು ಮಾತ್ರ ಕೈಯಾರೆ ಬರೆಯಿರಿ. ಅದನ್ನೂ ಕೂಡಿಟ್ಟುಕೊಂಡವರು ಒಂದು ದಿನ ನೇರಳೆ ಬ್ಲೌಸಿನವರಿಗೆ ಗಿಣಿಹಸಿರು ಬ್ಲೌಸ್ ಹೇಗಿತ್ತು ಎಂದು ಕೇಳುತ್ತಾರೆ, ಅಲ್ಲಿಗೆ ಎಲ್ಲವೂ ಮಣ್ಣುಪಾಲು. ಯಾರಿಗೆ ಕಳಿಸಿಯಾಯಿತು ಎಂದು ನೆನಪಿಡಲು ಅದೇ ಆ್ಯಪ್‌ನಲ್ಲಿ ಲೇಬಲ್ ಇದೆ. "ಕೇಳಿಯಾಯಿತು" ಎಂದೊಂದು ಲೇಬಲ್ ಮಾಡಿಕೊಂಡು ಅಂಟಿಸಿಬಿಟ್ಟರೆ ಒಬ್ಬರನ್ನೇ ಎರಡು ಸಲ ಕೇಳುವ ಮುಜುಗರ ತಪ್ಪುತ್ತದೆ.

ಬ್ರಾಡ್‌ಕಾಸ್ಟ್ ಲಿಸ್ಟ್ ಮಾತ್ರ ಈ ಕೆಲಸಕ್ಕೆ ಬೇಡ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ. ತಲುಪಿದವರಿಗೂ ಇದು ಊರಿಗೆಲ್ಲ ಹಂಚಿದ ಕರಪತ್ರ ಎಂದು ತಿಳಿಯುತ್ತದೆ. ಮೂರು ವರ್ಷದ ಹಳೆಯ ಗಿರಾಕಿಗಳಿಗೆಲ್ಲ ಒಂದೇ ರಾತ್ರಿ ಕಳಿಸಿ ಒಂದೇ ವಾರದಲ್ಲಿ ನಲವತ್ತು ವಿಮರ್ಶೆ ಗುಡ್ಡೆ ಹಾಕುವ ಆಸೆಯನ್ನೂ ಬಿಡುವುದು ಒಳ್ಳೆಯದು. ಗೂಗಲ್ ವಿಮರ್ಶೆಗಳನ್ನು ಯಂತ್ರದ ಮೂಲಕ ಸೋಸುತ್ತದೆ, ಅನುಮಾನ ಬಂದವನ್ನು ತೆಗೆದೂ ಹಾಕುತ್ತದೆ. ಓದುವ ಮನುಷ್ಯರಿಗೂ ಅಷ್ಟೇ, ವರ್ಷವೆಲ್ಲ ಖಾಲಿ ಇದ್ದ ಪುಟ ಒಂದೇ ವಾರದಲ್ಲಿ ತುಂಬಿದ್ದರೆ ಅನುಮಾನ ಬರುತ್ತದೆ. ಆರ್ಡರ್ ಮುಗಿದ ಹಾಗೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಆಷಾಢದಲ್ಲಿ ಕಡಿಮೆ, ಮದುವೆ ಕಾಲದಲ್ಲಿ ಹೆಚ್ಚು ಎಂಬಂತೆ ಕಸುಬಿನ ಲಯವೇ ಅಲ್ಲಿ ಕಾಣುತ್ತದೆ.

ಈಗ ಫೋಟೋ. ವಿಮರ್ಶೆಯ ಮಾತೇ ಬೇರೆ, ಫೋಟೋದ ಮಾತೇ ಬೇರೆ. ಎರಡನ್ನೂ ಒಂದೇ ಸಂದೇಶದಲ್ಲಿ ತುರುಕಬಾರದು. ವಿಮರ್ಶೆ ಎರಡು ಸಾಲಿನ ಅಭಿಪ್ರಾಯ. ಫೋಟೋ ಒಬ್ಬರ ಮೈ, ಮುಖ, ಮನೆಯ ಸಮಾರಂಭ. ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳ ಫೋಟೋ ಹೊರಗೆ ಹಾಕುವುದೇ ಇಲ್ಲ, ಅದನ್ನು ದರ್ಜಿಗೆ ವಿವರಿಸಿ ಹೇಳಬೇಕಾದ ಪಾಡು ಅವರಿಗೆ ಯಾಕೆ ಬರಬೇಕು? ನನ್ನ ಪ್ರಕಾರ ಫೋಟೋ ಕೇಳಬೇಕಾದದ್ದು, ತಾವಾಗಿಯೇ ಒಂದು ಫೋಟೋ ಕಳಿಸಿ ತೋರಿಸಿದವರನ್ನು ಮಾತ್ರ. ವಿಮರ್ಶೆಗೆ ಎಲ್ಲರನ್ನೂ ಸಮನಾಗಿ ಕೇಳಬೇಕು ಎಂಬ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಇಲ್ಲಿ ಆರಿಸಿ ಕೇಳುವುದೇ ಮರ್ಯಾದೆ.

ಹಸಿರು ಬ್ಲೌಸಿನ ಅಕ್ಕ ಮಂಟಪದ ಪಕ್ಕ ನಿಂತ ಫೋಟೋ ಕಳಿಸಿದ್ದಾರೆ ಎಂದುಕೊಳ್ಳಿ. ಅದಕ್ಕೆ ಹೀಗೆ ಉತ್ತರಿಸಬಹುದು:

"ಬಹಳ ಚೆನ್ನಾಗಿ ಕಾಣ್ತಿದೀರಿ ಅಕ್ಕ. ಈ ಫೋಟೋ ನಾನು ಎಲ್ಲೂ ಹಾಕಲ್ಲ. ನೀವೇ ಇನ್‌ಸ್ಟಾಗ್ರಾಂನಲ್ಲಿ ಹಾಕೋದಿದ್ರೆ ನಮ್ಮ ಪೇಜ್ ಟ್ಯಾಗ್ ಮಾಡಿದ್ರೆ ಸಂತೋಷ. ಇಲ್ಲಾಂದ್ರೆ ಮುಖ ಕಾಣದ ಹಾಗೆ ಬೆನ್ನಿನ ಕಡೆ ವರ್ಕ್ ಮಾತ್ರ ಕಟ್ ಮಾಡಿ ನಮ್ಮ ಪೇಜಲ್ಲಿ ಹಾಕಬಹುದಾ? ಹೆಸರು ಹಾಕಲ್ಲ. ಬೇಡ ಅನ್ನಿಸಿದ್ರೆ ಖಂಡಿತ ಬೇಡ."

ಮೊದಲು ಹೇಳಿದ್ದು ಹಾಕುವುದಿಲ್ಲ ಎಂದು. ಇದು ತುಂಬಾ ಸಣ್ಣದಾಗಿ ಕಾಣುವ, ಆದರೆ ಎದುರಿನವರನ್ನು ನಿರಾಳ ಮಾಡುವ ಮಾತು. ವಾಟ್ಸ್ಆ್ಯಪ್‌ನಲ್ಲಿ ಪ್ರೀತಿಯಿಂದ ಕಳಿಸಿದ ಫೋಟೋ ಮಾರನೆಯ ದಿನ ಅಂಗಡಿಯ ಸ್ಟೇಟಸ್‌ನಲ್ಲಿ ಕಂಡು ಮುನಿಸಿಕೊಂಡವರು ಎಷ್ಟೋ ಮಂದಿ. ಹೊಗಳಿ ಕಳಿಸಿದ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಹೆಸರು, ನಂಬರ್ ಸಮೇತ ಹಾಕಿಬಿಡುವುದೂ ಇದೇ ಥರದ ತಪ್ಪು. ಕಳಿಸಿದ್ದು ನಿಮಗೆ, ಊರಿಗಲ್ಲ. ಬೆನ್ನಿನ ಕಡೆಯ ಫೋಟೋ ಎಂದು ಕೇಳಿದ್ದರಲ್ಲಿ ಕಸುಬಿನ ಲೆಕ್ಕವೂ ಇದೆ. ಆರಿ ವರ್ಕಿನ ಹೆಚ್ಚುಗಾರಿಕೆ ಇರುವುದು ಹಿಂದಿನ ಕುತ್ತಿಗೆಯಲ್ಲಿ, ತೋಳಿನ ಅಂಚಿನಲ್ಲಿ. ಮದುವೆ ಫೋಟೋಗಳಲ್ಲಿ ಸೆರಗು, ಹಾರ, ಜಡೆ ಅದನ್ನೆಲ್ಲ ಮುಚ್ಚಿಬಿಡುತ್ತವೆ. ಎದುರಿನಿಂದ ತೆಗೆದ ಹತ್ತು ಚಂದದ ಫೋಟೋಗಿಂತ ಜಡೆ ಪಕ್ಕಕ್ಕೆ ಸರಿಸಿ ತೆಗೆದ ಒಂದು ಫೋಟೋ ಹೊಲಿಗೆಯವರಿಗೆ ಹೆಚ್ಚು ಉಪಯೋಗ. ಟ್ರಯಲ್ ದಿನವೇ ಅನುಮತಿ ಕೇಳಿ ಅಂಗಡಿಯಲ್ಲೇ ಬ್ಲೌಸನ್ನು ಗೊಂಬೆಗೆ ತೊಡಿಸಿ ತೆಗೆದುಕೊಂಡರೆ ಇನ್ನೂ ಸುಲಭ.

ಟ್ಯಾಗ್ ಎಂಬುದರ ಒಳಗೂ ಎರಡು ಮೂರು ವ್ಯತ್ಯಾಸ ಇವೆ, ಕೇಳುವವರಿಗೆ ಇವು ಗೊತ್ತಿಲ್ಲದಿದ್ದರೆ ಸುಮ್ಮನೆ ಗೊಂದಲ. ಪೋಸ್ಟ್ ಹಾಕುವಾಗ ಫೋಟೋದ ಮೇಲೆ `Tag people` ಒತ್ತಿ ಅಂಗಡಿಯ ಹೆಸರು ಸೇರಿಸಿದರೆ ಆ ಫೋಟೋ ಅಂಗಡಿಯ ಪುಟದಲ್ಲಿ ಟ್ಯಾಗ್ ಆದ ಫೋಟೋಗಳ ಜಾಗದಲ್ಲಿ ಬಂದು ಕೂರುತ್ತದೆ. ಕೆಳಗಿನ ಬರಹದಲ್ಲಿ `@` ಹಾಕಿ ಹೆಸರು ಬರೆದರೆ ಅದು ಉಲ್ಲೇಖ ಅಷ್ಟೇ, ಆ ಜಾಗದಲ್ಲಿ ಕಾಣುವುದಿಲ್ಲ. ಸ್ಟೋರಿಯಲ್ಲಿ ಹಾಕಿದ್ದು 24 ಗಂಟೆಯಲ್ಲಿ ಹೋಗಿಬಿಡುತ್ತದೆ. ಗಿರಾಕಿಯ ಖಾತೆ ಖಾಸಗಿಯಾಗಿದ್ದರೆ ಅವರು ಟ್ಯಾಗ್ ಮಾಡಿದ್ದು ಅವರ ಹಿಂಬಾಲಕರಿಗೆ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ. "ಅಕ್ಕ, ನೀವು ಟ್ಯಾಗ್ ಮಾಡಿದ್ದು ಕಾಣ್ತಿಲ್ಲ, ಅಕೌಂಟ್ ಪಬ್ಲಿಕ್ ಮಾಡ್ತೀರಾ" ಎಂದು ಕೇಳುವವರೂ ಇದ್ದಾರೆ. ಅಲ್ಲಿಗೆ ಮೆದುವಾಗಿ ಕೇಳುವುದು ಮುಗಿದು ಕಾಟ ಶುರುವಾಯಿತು ಎಂದೇ ಅರ್ಥ. ಅವರು ಖಾತೆಯನ್ನು ಖಾಸಗಿಯಾಗಿ ಇಟ್ಟುಕೊಂಡಿರುವುದು ಬೇಕೆಂದೇ. ಅಂಗಡಿಯ ಕಡೆಯಿಂದಲೂ ಒಂದು ಎಚ್ಚರ ಬೇಕು. ಟ್ಯಾಗ್‌ಗಳಿಗೆ ನಾವು ಒಪ್ಪಿದ ಮೇಲಷ್ಟೇ ಪುಟದಲ್ಲಿ ಕಾಣಲಿ ಎಂಬ ಸೆಟ್ಟಿಂಗ್ ಇನ್‌ಸ್ಟಾಗ್ರಾಂನಲ್ಲಿದೆ. ಅದನ್ನು ಹಾಕಿಕೊಳ್ಳದಿದ್ದರೆ ಸಂಬಂಧವೇ ಇಲ್ಲದ ಜಾಹೀರಾತಿನವರು ಟ್ಯಾಗ್ ಮಾಡಿದ್ದೂ ಗಿರಾಕಿಗಳ ಫೋಟೋಗಳ ನಡುವೆ ಬಂದು ಕೂರುತ್ತದೆ.

ಫೋಟೋದಲ್ಲಿ ಬೇರೆಯವರೂ ಇರುತ್ತಾರೆ. ಅತ್ತಿಗೆ, ನಾದಿನಿ, ತೊಡೆಯ ಮೇಲಿನ ಮಗು. ಒಪ್ಪಿಗೆ ಕೊಟ್ಟದ್ದು ಒಬ್ಬರು, ಹಾಗಾಗಿ ಉಳಿದವರನ್ನು ಕತ್ತರಿಸಿ ತೆಗೆಯುವುದು ಸರಿ. ಮದುವೆ ಫೋಟೋಗ್ರಾಫರ್ ತೆಗೆದ ಫೋಟೋ ಆದರೆ ಅವರ ಹೆಸರನ್ನೂ ಹಾಕಿ, ಅದು ಅವರ ಕೈಚಳಕ. ಇನ್ನು ಟ್ಯಾಗ್ ಮಾಡಿದವರಿಗೆ ರಿಯಾಯಿತಿ ಕೊಡಬಹುದೇ ಎಂಬ ಪ್ರಶ್ನೆ. ಕೊಟ್ಟರೆ ಅದು ಗಿರಾಕಿಯ ಮೆಚ್ಚುಗೆಯಾಗಿ ಉಳಿಯದೆ ಜಾಹೀರಾತಾಗುತ್ತದೆ. ಲಾಭ ಪಡೆದು ಹೊಗಳುವವರು ಆ ಸಂಬಂಧವನ್ನು ಎಲ್ಲರಿಗೂ ಕಾಣುವಂತೆ ತಿಳಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಹಸಿರು ಬ್ಲೌಸಿನ ಅಕ್ಕನ ಹತ್ತಿರ "ಇದು ಜಾಹೀರಾತು" ಎಂದು ಬರೆಸುವುದಕ್ಕಿಂತ ರಿಯಾಯಿತಿಯ ಯೋಚನೆ ಬಿಡುವುದೇ ವಾಸಿ. ಅಷ್ಟಕ್ಕೂ ಹಳೆಯ ಗಿರಾಕಿಗೆ ಕಡಿಮೆ ಮಾಡಿಕೊಡಬೇಕು ಅನ್ನಿಸಿದರೆ ಯಾವ ಷರತ್ತೂ ಹಾಕದೆ ಸುಮ್ಮನೆ ಕಡಿಮೆ ಮಾಡಿಕೊಡಬಹುದಲ್ಲ.

ಕಂಕುಳ ಬಿಗಿಯಾದವರ ಕಥೆ ಏನಾಯಿತು? ಬಿಚ್ಚಿ ಸರಿಮಾಡಿ ಕೊಟ್ಟರು, ಅದೇ ಎರಡನೆಯ ಸಂದೇಶ ಕಳಿಸಿದರು. ಅವರು ಮೂರು ಸ್ಟಾರ್ ಕೊಟ್ಟು "ಹೊಲಿಗೆ ನೀಟಾಗಿದೆ, ಆದರೆ ಮದುವೆ ದಿನ ಕಂಕುಳ ಬಿಗಿಯಾಗಿ ಕಷ್ಟವಾಯಿತು, ಆಮೇಲೆ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಟ್ಟರು" ಎಂದು ಬರೆದರು ಎಂದುಕೊಳ್ಳಿ. ಹೊಲಿಗೆಯವರಿಗೆ ಹೊಟ್ಟೆ ಉರಿಯುವುದು ಸಹಜ. ಆಗ ಕೈ ತುರಿಸುತ್ತದೆ, "ಸರಿಮಾಡಿಕೊಟ್ವಲ್ಲ ಮೇಡಂ, ಇನ್ನೆರಡು ಸ್ಟಾರ್ ಹಾಕಬಹುದಲ್ಲ" ಎಂದು ಬರೆಯಲು. ಬರೆಯಬಾರದು. ಬರೆದವರು ತಮ್ಮ ವಿಮರ್ಶೆಯನ್ನು ಯಾವಾಗ ಬೇಕಾದರೂ ತಿದ್ದಬಹುದು, ಅದು ಅವರಿಗೆ ಬಿಟ್ಟದ್ದು. ವಿಮರ್ಶೆಯ ಕೆಳಗೆ ಎಲ್ಲರಿಗೂ ಕಾಣುವಂತೆ ಎರಡು ಸಾಲು ಉತ್ತರ ಸಾಕು: "ಮದುವೆ ದಿನ ತೊಂದರೆಯಾದದ್ದಕ್ಕೆ ಕ್ಷಮಿಸಿ ಮೇಡಂ. ಇನ್ನು ಮುಂದೆ ವರ್ಕ್ ಬ್ಲೌಸ್‌ಗೆ ಟ್ರಯಲ್‌ನಲ್ಲಿ ಕೈ ಎತ್ತಿಸಿ ನೋಡ್ತೀವಿ." ಉತ್ತರದಲ್ಲಿ ಅವರ ಅಳತೆ, ಕೊಟ್ಟ ದುಡ್ಡು, ಯಾರ ಮದುವೆ ಎಂಬುದು ಯಾವುದೂ ಬರಕೂಡದು. ಮುಂದಿನ ಗಿರಾಕಿ ಓದುವುದು ಆ ಮೂರು ಸ್ಟಾರನ್ನು ಮಾತ್ರವಲ್ಲ, ಕೆಳಗಿನ ಉತ್ತರವನ್ನೂ. ಎಲ್ಲವೂ ಐದೇ ಇರುವ ಪುಟಕ್ಕಿಂತ ಇಂಥ ಒಂದು ಮೂರು ಇರುವ ಪುಟವನ್ನು ನಾನಾದರೆ ಹೆಚ್ಚು ನಂಬುತ್ತೇನೆ.

ಕೇಳಿದ ಮೇಲೆ ಮತ್ತೆ ನೆನಪಿಸಬೇಕೇ? "ಹಾಕ್ತೀನಿ, ಇವತ್ತೇ ಹಾಕ್ತೀನಿ" ಎಂದು ತಾವಾಗಿ ಹೇಳಿ ಮರೆತವರಿಗೆ ಹತ್ತು ಹನ್ನೆರಡು ದಿನ ಬಿಟ್ಟು ಲಿಂಕನ್ನು ಇನ್ನೊಮ್ಮೆ ಕಳಿಸಿದರೆ ತಪ್ಪಿಲ್ಲ, ಹಳೆಯ ಮೆಸೇಜು ಮೇಲೆ ಹೋಗಿ ಹುಡುಕಲು ಸಿಗದೆ ಇದ್ದಿರಬಹುದು. ಉಳಿದ ಯಾರಿಗೂ ನೆನಪಿಸುವುದು ಬೇಡ. ಫೋಟೋ ವಿಷಯದಲ್ಲಂತೂ ನೆನಪಿಸುವ ಮಾತೇ ಇಲ್ಲ. ಅಂಗಡಿಗೆ ಬಂದಾಗ "ಹಾಕಲೇ ಇಲ್ಲವಲ್ಲ ಅಕ್ಕ" ಎಂದು ನಗುತ್ತಾ ಕೇಳುವುದೂ ನೆನಪಿಸಿದಂತೆಯೇ.

ಕೊನೆಗೆ ಅಂಗಡಿಯವರು ಮರೆಯುವ ಒಂದು ಕೆಲಸ ಇದೆ. ಫೋಟೋ ಹಾಕಲು ಒಪ್ಪಿದ್ದ ಗಿರಾಕಿ ಆರು ತಿಂಗಳ ಮೇಲೆ "ಅದನ್ನು ತೆಗೆದುಬಿಡಿ" ಎನ್ನಬಹುದು. ಕಾರಣ ಕೇಳಬೇಡಿ, ಅವತ್ತೇ ತೆಗೆಯಿರಿ. ಪೋಸ್ಟ್ ಒಂದನ್ನು ಅಳಿಸಿ ಸುಮ್ಮನಾದರೆ ಸಾಲದು. ಇನ್‌ಸ್ಟಾಗ್ರಾಂ ಹೈಲೈಟ್, ವಾಟ್ಸ್ಆ್ಯಪ್ ಕ್ಯಾಟಲಾಗ್, ಗೂಗಲ್ ಪ್ರೊಫೈಲಿಗೆ ನೀವೇ ಏರಿಸಿದ ಫೋಟೋ, ಅಂಗಡಿ ಗೋಡೆಗೆ ಅಂಟಿಸಿದ ಪ್ರಿಂಟ್, ಈ ನಾಲ್ಕೂ ಕಡೆ ಹುಡುಕಿ ತೆಗೆದು, "ಎಲ್ಲ ಕಡೆ ತೆಗೆದಿದೀನಿ ಅಕ್ಕ" ಎಂದು ಒಂದು ಸಾಲು ಕಳಿಸಿ.